ಕಂತು ಹಲಾಲ್ ಆಗಿರಬಹುದು, ವಿಳಂಬ ಶುಲ್ಕದ ಗತಿಯೇನು?

‘ಈಗ ಕೊಳ್ಳಿರಿ, ನಂತರ ಪಾವತಿಸಿರಿ’ ಎಂಬ ಯೋಜನೆಗಳು ಇಂದು ನಮ್ಮ ಮನೆಗಳ ಮೊಬೈಲಿನೊಳಗೇ ಬಂದು ಕುಳಿತಿವೆ. ಮಗಳ ಕಾಲೇಜಿಗೆ ಫೋನು, ಹಬ್ಬಕ್ಕೆ ಬಟ್ಟೆ, ಅಡುಗೆಮನೆಗೆ ಮಿಕ್ಸಿ ಎಲ್ಲವೂ ಕಂತಿನಲ್ಲಿ ದೊರೆಯುತ್ತವೆ. “ಇದರಲ್ಲಿ ಬಡ್ಡಿಯೇ ಇಲ್ಲವಂತೆ ಉಸ್ತಾದರೇ, ಹಾಗಾದರೆ ಹಲಾಲ್ ತಾನೇ?” ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಇದಕ್ಕೆ ಉತ್ತರವನ್ನು ಜಾಹೀರಾತಿನಲ್ಲಿ ಹುಡುಕಬಾರದು. ಒಪ್ಪಂದದ ಕಾಗದದಲ್ಲಿಯೂ ಬ್ಯಾಂಕಿನ ಲೆಕ್ಕದಲ್ಲಿಯೂ ಹುಡುಕಬೇಕು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕಂತಿನಲ್ಲಿ ಪಾವತಿಸುವುದು ಇಸ್ಲಾಮಿನಲ್ಲಿ ನಿಷಿದ್ಧವಲ್ಲ. ದಾಸಿಯಾಗಿದ್ದ ಬರೀರಾ(ರ) ತಮ್ಮ ಬಿಡುಗಡೆಗಾಗಿ ವರ್ಷಕ್ಕೆ ಒಂದರಂತೆ ಒಂಬತ್ತು ಊಕಿಯಾ ಬೆಳ್ಳಿ ನೀಡುವ ಒಪ್ಪಂದ ಮಾಡಿಕೊಂಡಿದ್ದರೆಂಬುದು ಸಹೀಹ್ ಬುಖಾರಿಯಲ್ಲಿದೆ. ನಗದಿಗೆ ಒಂದು ಬೆಲೆ, ಕಂತಿಗೆ ಸ್ವಲ್ಪ ಹೆಚ್ಚಿನ ಬೆಲೆ ಎಂದು ವ್ಯಾಪಾರಿಯು ಹೇಳಿದರೂ, ವ್ಯವಹಾರ ಮುಗಿಯುವ ಮೊದಲು ಒಂದೇ ಬೆಲೆ ನಿಶ್ಚಯವಾದರೆ ಅದು ವ್ಯಾಪಾರವೇ ಎಂಬುದು ಬಹುಪಾಲು ವಿದ್ವಾಂಸರ ನಿಲುವು. 1990ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯೂ ಇದನ್ನೇ ಹೇಳಿತು. ಆದರೆ ಅದೇ ನಿರ್ಣಯದಲ್ಲಿ ಇನ್ನೊಂದು ಮಾತೂ ಇದೆ: ಖರೀದಿದಾರನು ಕಂತು ಕಟ್ಟಲು ತಡಮಾಡಿದರೆ ಅವನ ಮೇಲೆ ಸಾಲಕ್ಕಿಂತ ಹೆಚ್ಚಿನದನ್ನು ಹೇರಲಾಗದು, ಅದು ಬಡ್ಡಿ. ನಮ್ಮ ಚರ್ಚೆ ಈ ಎರಡನೆಯ ಮಾತಿನದು.

ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡೋಣ. ಒಬ್ಬ ತಾಯಿ 12,000 ರೂಪಾಯಿಯ ಫೋನನ್ನು ‘ನೋ ಕಾಸ್ಟ್’ ಎಂಬ ಹೆಸರಿನಲ್ಲಿ ತಿಂಗಳಿಗೆ 2,000ದಂತೆ ಆರು ಕಂತಿಗೆ ಕೊಂಡರು ಎಂದಿಟ್ಟುಕೊಳ್ಳೋಣ. ಆರೆರಡಲ ಹನ್ನೆರಡು, ಬಡ್ಡಿ ಎಲ್ಲಿದೆ? ಸಾಲದ ಪಟ್ಟಿಯನ್ನು ತೆರೆದರೆ ಕಾಣುತ್ತದೆ. ಅಲ್ಲಿ ಸಾಲದ ಮೊತ್ತ 12,000 ಅಲ್ಲ, 11,492. ಉಳಿದ 508 ರೂಪಾಯಿಯನ್ನು ಅಂಗಡಿಯವನೋ ಫೋನು ತಯಾರಕನೋ ರಿಯಾಯಿತಿಯಾಗಿ ಬಿಟ್ಟುಕೊಟ್ಟಿರುತ್ತಾನೆ. ವರ್ಷಕ್ಕೆ ಶೇಕಡಾ 15ರ ದರದಲ್ಲಿ ಆರು ತಿಂಗಳಿಗೆ ಬರುವ ಬಡ್ಡಿಯೂ ಸರಿಯಾಗಿ ಆ 508 ರೂಪಾಯಿಯೇ. ಮೂರನೆಯ ಕಂತಿನ 2,000ದಲ್ಲಿ 97 ರೂಪಾಯಿ ‘ಬಡ್ಡಿ’ ಎಂದೂ 1,903 ರೂಪಾಯಿ ‘ಅಸಲು’ ಎಂದೂ ಬರೆದಿರುತ್ತದೆ. ಫೋನು ಮಾರಿದವನು ಒಬ್ಬ, ಹಣ ಕೊಟ್ಟವನು ಇನ್ನೊಬ್ಬ. ನಾವು ಸಹಿ ಹಾಕಿದ್ದು ಮಾರಾಟದ ಕರಾರಿಗಲ್ಲ, ಬಡ್ಡಿಯ ಸಾಲದ ಕರಾರಿಗೆ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ವಾಸ್ತವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ಹೇಳಿತ್ತು.

ಈಗ ಮೂರನೆಯ ತಿಂಗಳಿಗೆ ಬರೋಣ. ಐದನೆಯ ತಾರೀಖು ಆಟೋ ಡೆಬಿಟ್. ಆ ತಾಯಿಯ ಖಾತೆಯಲ್ಲಿ 1,850 ರೂಪಾಯಿ ಮಾತ್ರ ಇದೆ. ಇದ್ದಷ್ಟನ್ನು ತೆಗೆದುಕೊಳ್ಳುವ ವ್ಯವಸ್ಥೆ ಅದಲ್ಲ. ಪೂರ್ತಿ 2,000 ಇಲ್ಲದಿದ್ದರೆ ಕೋರಿಕೆಯೇ ಹಿಂದಿರುಗುತ್ತದೆ. ಹಿಂದಿರುಗಿದ್ದಕ್ಕೆ ಅವರ ಬ್ಯಾಂಕು 250 ರೂಪಾಯಿಯನ್ನೂ ಅದರ ಮೇಲೆ ಶೇಕಡಾ 18 ಜಿಎಸ್‌ಟಿಯನ್ನೂ ಸೇರಿಸಿ 295 ಕಡಿತಗೊಳಿಸುತ್ತದೆ ಎನ್ನೋಣ. ಸಾಲ ಕೊಟ್ಟ ಸಂಸ್ಥೆ 300 ರೂಪಾಯಿ ವಿಳಂಬ ಶುಲ್ಕ ಹಾಕುತ್ತದೆ ಎನ್ನೋಣ. ನಾಲ್ಕು ದಿನದ ತಡಕ್ಕೆ 595 ರೂಪಾಯಿ! ಆರು ತಿಂಗಳ ಇಡೀ ಸಾಲದ ಬಡ್ಡಿಗಿಂತಲೂ ಇದು ಹೆಚ್ಚು.

ಕಥೆ ಇಲ್ಲಿಗೆ ಮುಗಿಯದೆ ಇರಬಹುದು. ಒಂಬತ್ತನೆಯ ತಾರೀಖು ಆ ತಾಯಿ 2,000 ಕಳುಹಿಸಿ, ಕಂತು ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಬಂದ ಹಣ ಮೊದಲು ಶುಲ್ಕಕ್ಕೆ, ನಂತರ ಬಡ್ಡಿಗೆ, ಕೊನೆಗೆ ಅಸಲಿಗೆ ಎಂಬ ನಿಯಮ ಕರಾರಿನಲ್ಲಿದ್ದರೆ 300 ಶುಲ್ಕಕ್ಕೆ ಹೋಗಿ, ಕಂತಿನಲ್ಲಿ 300 ಬಾಕಿ ಉಳಿಯುತ್ತದೆ. ಮುಂದಿನ ತಿಂಗಳ 2,000ದಲ್ಲಿ ಮೊದಲು ಈ ಹಳೆಯ ಬಾಕಿ ತೀರಿದರೆ, ಹೊಸ ಕಂತು 300 ಕಡಿಮೆ ಬೀಳುತ್ತದೆ. ಹೀಗೆ ಪ್ರತಿ ತಿಂಗಳೂ ಹಣ ಕಟ್ಟುತ್ತಿದ್ದರೂ ದಾಖಲೆಯಲ್ಲಿ ಅವರು ‘ಬಾಕಿದಾರರು’. ಬಾಕಿಯ ದಿನಗಳ ಎಣಿಕೆ ಅವರ ಕ್ರೆಡಿಟ್ ವರದಿಗೂ ಹೋಗಿ ಕೂರುತ್ತದೆ. ಅಲ್ಲಿ ಆ್ಯಪಿನ ಹೆಸರಿರುವುದಿಲ್ಲ, ಹಿಂದೆ ನಿಂತು ಹಣ ಕೊಟ್ಟ ಹಣಕಾಸು ಸಂಸ್ಥೆಯ ಹೆಸರಿರುತ್ತದೆ. ಆದ್ದರಿಂದ ಎಷ್ಟೋ ಮಂದಿಗೆ ಅದು ತಮ್ಮದೇ ಸಾಲವೆಂದು ಗುರುತೂ ಸಿಗದು.

ಅಜ್ಞಾನ ಕಾಲದ ಅರಬರಲ್ಲಿ ಸಾಲದ ಅವಧಿ ಮುಗಿದಾಗ ಸಾಲಿಗನ ಮುಂದೆ ಎರಡೇ ದಾರಿ ಇಡಲಾಗುತ್ತಿತ್ತು: ಈಗಲೇ ತೀರಿಸು, ಇಲ್ಲವೇ ಮೊತ್ತ ಹೆಚ್ಚಿಸು. ಪವಿತ್ರ ಕುರ್‌ಆನ್ ಬೇರುಸಹಿತ ಕಿತ್ತದ್ದು ಈ ಬಡ್ಡಿಯನ್ನೇ. ಸಾಲಿಗನು ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವ ತನಕ ಕಾಲಾವಕಾಶ ನೀಡಬೇಕೆಂದು ಅಲ್‌ಬಕರ ಅಧ್ಯಾಯದ 280ನೆಯ ಸೂಕ್ತ ಆದೇಶಿಸುತ್ತದೆ. ಹೆಸರು ‘ಶುಲ್ಕ’ವೆಂದಾದ ಮಾತ್ರಕ್ಕೆ ತಡಕ್ಕೆ ತೆತ್ತ ಹೆಚ್ಚಳದ ಸ್ವರೂಪ ಬದಲಾಗದು.

“ನಾನು ತಪ್ಪದೆ ಕಟ್ಟುತ್ತೇನೆ, ಶುಲ್ಕ ನನಗೆ ತಗಲುವುದೇ ಇಲ್ಲ” ಎಂಬ ವಾದವುಂಟು. ಅನಿವಾರ್ಯ ಸಂದರ್ಭದಲ್ಲಿ, ತಪ್ಪದೆ ಕಟ್ಟಬಲ್ಲವನಿಗೆ ಇದರಲ್ಲಿ ರಿಯಾಯಿತಿ ಕಂಡ ವಿದ್ವಾಂಸರಿದ್ದಾರೆ. ಬಡ್ಡಿಯ ಷರತ್ತಿಗೆ ಸಹಿ ಹಾಕುವುದೇ ತಪ್ಪೆಂದವರೂ ಇದ್ದಾರೆ. ನನ್ನ ಅಭಿಪ್ರಾಯ ಎರಡನೆಯವರ ಕಡೆಗೆ ವಾಲುತ್ತದೆ. ಬಡ್ಡಿ ತಿನ್ನುವವನ ಜೊತೆಗೆ ಕೊಡುವವನನ್ನೂ ಬರೆಯುವವನನ್ನೂ ಸಾಕ್ಷಿಗಳನ್ನೂ ಪ್ರವಾದಿ(ಸ) ಶಪಿಸಿದ್ದಾರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಫೋನು, ಮಿಕ್ಸಿಯಂಥ ವಸ್ತುಗಳಿಗೆ ಅನಿವಾರ್ಯತೆಯ ನೆಪ ಒಡ್ಡುವುದು ಕಷ್ಟ.

ಈಗಾಗಲೇ ಇಂಥ ಕಂತಿನಲ್ಲಿರುವವರು ಏನು ಮಾಡಬೇಕು? ಸಾಲದ ಜೊತೆ ಕೊಟ್ಟಿರುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ತೆರೆಯಿರಿ. ಅದರಲ್ಲಿ ನಮೂದಿಸದ ಶುಲ್ಕವನ್ನು ವಸೂಲಿ ಮಾಡುವಂತಿಲ್ಲ. ದಂಡಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಬಾರದೆಂದೂ ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ `RTN CHG` ಎಂಬಂಥ ಸಾಲು ಒಂದೇ ಕಂತಿಗೆ ಎರಡು ಬಾರಿ ಕಂಡರೆ, ಡೆಬಿಟ್ ಕೋರಿಕೆಯನ್ನು ಎರಡು ಬಾರಿ ಕಳುಹಿಸಲಾಗಿದೆಯೇ ಎಂದು ವಿಚಾರಿಸಿ. ತಡವಾಗಿ ಕಟ್ಟಿದಾಗ ಆ ಹಣ ಯಾವ ಬಾಬತ್ತಿಗೆ ಜಮೆಯಾಯಿತೆಂಬ ಲೆಕ್ಕಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೊನೆಯ ಕಂತಿನ ನಂತರ ಬಾಕಿಯಿಲ್ಲವೆಂಬ ಪತ್ರ ಪಡೆಯದೆ ಆ್ಯಪನ್ನು ಅಳಿಸಬೇಡಿ. ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಕ್ರೆಡಿಟ್ ವರದಿಯಲ್ಲಿ ಆ ಸಾಲ ಮುಗಿದಿದೆ ಎಂದು ದಾಖಲಾಗಿದೆಯೇ ನೋಡಿಕೊಳ್ಳಿ.

ನಮ್ಮ ವ್ಯಾಪಾರಿ ಸಹೋದರರಲ್ಲಿಯೂ ಒಂದು ಮಾತು. ಅದೇ ಫೋನನ್ನು 12,600ಕ್ಕೆ ಬೆಲೆ ನಿಶ್ಚಯಿಸಿ, 2,100ರ ಆರು ಕಂತಿನಲ್ಲಿ ನೀವೇ ನೇರವಾಗಿ ಮಾರಬಹುದಲ್ಲ? ತಾರೀಖುಗಳನ್ನು ಬರೆದು ಇಬ್ಬರು ಸಾಕ್ಷಿಗಳನ್ನಿಟ್ಟು, ತಡವಾದರೂ ಒಂದು ರೂಪಾಯಿ ಹೆಚ್ಚಿಸದಿದ್ದರೆ ಅದು ಹಲಾಲ್ ವ್ಯಾಪಾರ. ಸಾಲವನ್ನು ಬರೆದಿಡಬೇಕೆಂಬ 282ನೆಯ ಸೂಕ್ತದ ಆದೇಶವೂ ಪಾಲನೆಯಾಗುತ್ತದೆ. ಇದು ನಡೆಯಬೇಕಾದರೆ ಕೊಳ್ಳುವವರು ನಂಬಿಕೆಗೆ ಅರ್ಹರಾಗಬೇಕು. ಶಕ್ತನಾದವನು ಸಾಲ ತೀರಿಸದೆ ಮುಂದೂಡುವುದು ಅಕ್ರಮವೆಂದು ಪ್ರವಾದಿ(ಸ) ಹೇಳಿದ್ದಾರೆ. ಬಡ್ಡಿಯಿಲ್ಲದ ಕಂತನ್ನು ‘ನಮ್ಮವರೇ ಅಲ್ಲವೇ’ ಎಂದು ಎಳೆಯುವವನೇ ಮುಂದಿನ ಬಡವನನ್ನು ಆ್ಯಪಿನ ಬಾಗಿಲಿಗೆ ಅಟ್ಟುತ್ತಾನೆ.

ಅಲ್ಲಾಹನು ನಮ್ಮ ಸಂಪಾದನೆಯನ್ನೂ ಸಾಲವನ್ನೂ ಶುದ್ಧಗೊಳಿಸಲಿ. ಆಮೀನ್.