ಉತ್ತರ ಕಳುಹಿಸುವ ಮುನ್ನ ಎರಡು ಓದು

ಬೋಧನಾಭ್ಯಾಸದ ಶಾಲೆಯ ಮುಖ್ಯಶಿಕ್ಷಕರ ಇಮೇಲ್‌ಗೆ ಪ್ರಶಿಕ್ಷಣಾರ್ಥಿಯೊಬ್ಬರು ಬರೆದ ಐದು ಸಾಲಿನ ಉತ್ತರವನ್ನು ಈಚೆಗೆ ನೋಡಿದೆ. 'ನಾವು ಸೋಮವಾರ ಎಂಟನೇ ತರಗತಿಗೆ ಪಾಟ ಮಾಡುತ್ತೇನೆ' ಎಂದಿತ್ತು. ಮೂರು ಬಾರಿ ಓದಿದ್ದೇನೆ ಎಂದರು, ಓದಿದ್ದು ಮನಸ್ಸಿನಲ್ಲೇ. ನಾವೇ ಬರೆದದ್ದನ್ನು ಹಾಗೆ ಓದುವಾಗ, ಬರೆಯಬೇಕೆಂದುಕೊಂಡದ್ದೇ ಕಣ್ಣಿಗೆ ಕಾಣುತ್ತದೆ.

ಗಟ್ಟಿಯಾಗಿ ಓದಿಸಿದೆ. 'ಮಾಡುತ್ತೇನೆ' ಎಂಬಲ್ಲಿ ಅವರೇ ತಡೆದು ನಿಂತು, 'ನಾವು' ಎಂಬುದನ್ನು 'ನಾನು' ಎಂದು ತಿದ್ದಿದರು. 'ಪಾಟ' ಮಾತ್ರ ಕಿವಿಗೆ ಸಿಗಲಿಲ್ಲ. ಮಾತಿನಲ್ಲಿ ನಮ್ಮಲ್ಲಿ ಹಲವರಿಗೆ ಟ, ಠ ಒಂದೇ. ಬಳಿಕ ಕೊನೆಯ ಪದದಿಂದ ಹಿಂದಕ್ಕೆ, ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿಸಿದೆ. ಅರ್ಥದ ಓಟ ನಿಂತಾಗ 'ಪಾಟ' ಕಣ್ಣಿಗೆ ಬಿತ್ತು.

ಆದ್ದರಿಂದ ಒಂದು ಓದು ಇನ್ನೊಂದಕ್ಕೆ ಬದಲಿಯಲ್ಲ ಎಂಬುದು ನನ್ನ ಅಭಿಪ್ರಾಯ. ಗಟ್ಟಿ ಓದು ಮೊದಲಿರಲಿ. ವಾಕ್ಯ ತಿದ್ದುವಾಗ ಹೊಸ ಕಾಗುಣಿತದ ತಪ್ಪು ನುಸುಳಬಹುದು. ಅದನ್ನು ಹಿಮ್ಮುಖ ಓದು ಹಿಡಿಯುತ್ತದೆ.

ಎರಡೂ ಹಿಡಿಯದ ತಪ್ಪೊಂದು ಉಳಿದಿತ್ತು: ಮುಖ್ಯಶಿಕ್ಷಕರು ಕೇಳಿದ್ದು ಮಂಗಳವಾರದ ಪಾಠವನ್ನು. ಅವರ ಇಮೇಲನ್ನು ಪಕ್ಕದಲ್ಲಿಟ್ಟು ಹೋಲಿಸಿದಾಗಲೇ ಅದು ತಿಳಿಯಿತು.