‘ಮಾರುವುದಿಲ್ಲ’ ಅಂದರೆ ‘ಇಟ್ಟುಕೊಳ್ಳುವುದಿಲ್ಲ’ ಅಂತಲ್ಲ

ನಿಖಾಹ್‌ನ ಫೋಟೋ ಕೈಗೆ ಬಂದ ಕೂಡಲೇ ಅದನ್ನು ಯಾವುದೋ ಆ್ಯಪ್‌ಗೆ ಹಾಕಿ, ಹಿಂದಿನ ಶಾಮಿಯಾನ ಅಳಿಸಿ, ಮುಖ ಬೆಳ್ಳಗೆ ಮಾಡಿ ಫ್ಯಾಮಿಲಿ ಗ್ರೂಪಿಗೆ ಬಿಡುವ ಹುಡುಗರು ಈಗ ಪ್ರತಿ ಮನೆಯಲ್ಲೂ ಇದ್ದಾರೆ. ಆ ಆ್ಯಪ್ ನಮ್ಮ ಫೋಟೋವನ್ನು ಏನು ಮಾಡುತ್ತದೆ ಅಂತ ಕೇಳಿ ನೋಡಿ. ಉತ್ತರ ಒಂದೇ: ‘ಪ್ರೈವಸಿ ಪಾಲಿಸಿಯಲ್ಲಿ ಬರೆದಿದ್ದಾರಲ್ಲ, ಡೇಟಾ ಮಾರುವುದಿಲ್ಲ ಅಂತ.’

ನನ್ನ ತಕರಾರು ಈ ಉತ್ತರದ ಮೇಲೆಯೇ. ನಾವು ಕೇಳಿದ್ದು ಬೇರೆ, ಅವರು ಹೇಳಿದ್ದು ಬೇರೆ. ನಮ್ಮ ಅಂಗಡಿಯಲ್ಲಿ ಬಸ್ಸಿಗೆ ಕಾಯುವವರು ಚೀಲ ಇಟ್ಟು ಪೇಟೆಗೆ ಹೋಗಿ ಬರುವುದುಂಟು. ‘ನಿಮ್ಮ ಚೀಲ ಮಾರುವುದಿಲ್ಲ’ ಅಂತ ಬಾಪ ಬೋರ್ಡು ಹಾಕಿದ್ದರೆ ಯಾರಾದರೂ ಚೀಲ ಇಡುತ್ತಿದ್ದರಾ? ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ, ಬಿಚ್ಚಿ ನೋಡುತ್ತೀರಾ, ಒಳಗಿನ ಅಕ್ಕಿಯಲ್ಲಿ ಅನ್ನ ಮಾಡಿ ಉಣ್ಣುತ್ತೀರಾ ಅಂತಲೇ ಮೊದಲು ಕೇಳುತ್ತಿದ್ದರು. ಆ್ಯಪ್‌ಗೂ ಕೇಳಬೇಕಾದ್ದು ಅದನ್ನೇ.

ಮಾರದೆಯೂ ಫೋಟೋವನ್ನು ಹೇಗೆ ಬಳಸಿಕೊಳ್ಳಬಹುದು ಎನ್ನುವುದಕ್ಕೆ ಅಮೆರಿಕದ ‘ಎವರ್’ ಎಂಬ ಆ್ಯಪ್‌ನ ಕಥೆ ಸಾಕು. ಫೋಟೋಗಳನ್ನು ಕ್ಲೌಡಿನಲ್ಲಿ ಇಟ್ಟು ಫೋನಿನಲ್ಲಿ ಜಾಗ ಉಳಿಸಿಕೊಡುತ್ತೇವೆ ಅಂತ ಅದು 2015ರಲ್ಲಿ ಬಂತು. 2017ರಲ್ಲಿ, ಒಬ್ಬರದ್ದೇ ಮುಖ ಇರುವ ಫೋಟೋಗಳನ್ನು ಒಟ್ಟುಮಾಡಿ ತೋರಿಸುವ ಸೌಲಭ್ಯ ಸೇರಿಸಿತು. ಜನರಿಗೆ ಖುಷಿಯೇ ಆಯಿತು. ಆದರೆ ಅದೇ ಫೋಟೋಗಳಿಂದ ಲಕ್ಷಾಂತರ ಮುಖಗಳನ್ನು ಬೇರ್ಪಡಿಸಿ, ಮುಖ ಗುರುತಿಸುವ ಸಾಫ್ಟ್‌ವೇರಿಗೆ ತರಬೇತಿ ಕೊಡಲು ಕಂಪನಿ ಬಳಸಿತು. ಆ ತಂತ್ರಜ್ಞಾನವನ್ನು ಬೇರೆ ಕಂಪನಿಗಳಿಗೆ ಕೊಡುವ ವ್ಯಾಪಾರವೂ ಶುರುವಾಯಿತು. ಒಂದೇ ಒಂದು ಫೋಟೋವನ್ನೂ ಮಾರಬೇಕಾಗಿ ಬರಲಿಲ್ಲ. ಇನ್ನೂ ಒಂದಿದೆ. ಅಕೌಂಟ್ ಮುಚ್ಚಿದರೆ ಫೋಟೋ ಅಳಿಸುತ್ತೇವೆ ಅಂತ ಮಾತು ಕೊಟ್ಟಿದ್ದರು. 2019ರ ಅಕ್ಟೋಬರ್‌ವರೆಗೂ ಅಳಿಸಿರಲಿಲ್ಲ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿ, 2021ರಲ್ಲಿ ಆ ಫೋಟೋಗಳ ಜೊತೆಗೆ ಅವುಗಳಿಂದ ಕಲಿತ ಸಾಫ್ಟ್‌ವೇರನ್ನೂ ಅಳಿಸಲು ಆದೇಶ ಮಾಡಿತು. ಫೋಟೋ ಅಳಿಸಿದರೂ ಅದರಿಂದ ಕಲಿತದ್ದು ತಾನಾಗಿ ಅಳಿಯುವುದಿಲ್ಲ ಎನ್ನುವುದನ್ನು ಈ ಆದೇಶದಿಂದಲೇ ಅರ್ಥ ಮಾಡಿಕೊಳ್ಳಬಹುದು.

ಹಾಗಾದರೆ ಪಾಲಿಸಿಯಲ್ಲಿ ಎಲ್ಲಿ ನೋಡಬೇಕು? ಹದಿನೈದು ಪುಟ ಪೂರ್ತಿ ಓದಿ ಅಂತ ನಾನು ಹೇಳುವುದಿಲ್ಲ, ಯಾರೂ ಓದುವುದೂ ಇಲ್ಲ. ಪಾಲಿಸಿಯನ್ನು ಕ್ರೋಮ್‌ನಲ್ಲಿ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿ, Find in page ಆರಿಸಿ. ಮೊದಲು retain ಅಂತ ಟೈಪ್ ಮಾಡಿ. ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎನ್ನುವ ಸಾಲು ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ. 24 ಗಂಟೆ, 30 ದಿನ ಅಂತ ಅಂಕಿ ಇದ್ದರೆ ಅದೊಂದು ಮಾತು. ನಾಳೆ ಅದನ್ನು ಹಿಡಿದು ಕೇಳಬಹುದು. ಬಹಳಷ್ಟು ಕಡೆ ಇರುವುದು as long as necessary, ಅಂದರೆ ‘ಅಗತ್ಯ ಇರುವಷ್ಟು ಕಾಲ’. ಅಗತ್ಯ ಯಾರದ್ದು? ಅವರದ್ದೇ. ಡಿಪ್ಲೊಮಾದಲ್ಲಿ ಅಳತೆ ಬರೆಯದ ಡ್ರಾಯಿಂಗ್ ಕೊಟ್ಟರೆ ಮೇಷ್ಟ್ರು ಹಾಳೆ ವಾಪಸ್ ಎಸೆಯುತ್ತಿದ್ದರು. ಇದೂ ಅಂಥದ್ದೇ ಹಾಳೆ. ‘ಫೋಟೋ’ಗೆ ಒಂದು ಅವಧಿ, ‘ಮುಖದ ಮಾಹಿತಿ’ಗೆ ಬೇರೆ ಅವಧಿ ಇದೆಯಾ ಅಂತಲೂ ಗಮನಿಸಿ. ಫೋಟೋ ಬೇಗ ಅಳಿಸಿ, ಅದರಿಂದ ತೆಗೆದ ಮುಖದ ಅಳತೆಗಳನ್ನು ಉಳಿಸಿಕೊಳ್ಳಲು ಸಾಧ್ಯವಿದೆ.

ಆಮೇಲೆ train ಮತ್ತು improve ಹುಡುಕಿ. ಮೊದಲನೆಯದು ಇದ್ದರೆ ವಿಷಯ ನೇರವಾಗಿದೆ. ಹೆಚ್ಚು ಮೋಸ ಎರಡನೆಯದರಲ್ಲಿ. improve our services, ‘ನಮ್ಮ ಸೇವೆ ಉತ್ತಮಪಡಿಸಲು’ ಎನ್ನುವ ಮೂರು ಪದಗಳೊಳಗೆ ಆ್ಯಪ್ ಕೆಟ್ಟು ನಿಂತರೆ ಸರಿಮಾಡುವುದೂ ಬರುತ್ತದೆ, ನಿಮ್ಮ ತಂಗಿಯ ಮುಖದಿಂದ ಸಾಫ್ಟ್‌ವೇರಿಗೆ ಪಾಠ ಹೇಳುವುದೂ ಬರುತ್ತದೆ. ಫೋಟೋಗಳನ್ನು ಇದಕ್ಕೆ ಬಳಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆಯದಿದ್ದರೆ ಬಳಸಬಹುದು ಅಂತಲೇ ಓದಿಕೊಳ್ಳಿ.

ಇಷ್ಟು ನೋಡಿ ಸಮಾಧಾನಪಡುವವರು ಇನ್ನೊಂದು ಕಾಗದವನ್ನು ಮರೆಯುತ್ತಾರೆ. ಪ್ರೈವಸಿ ಪಾಲಿಸಿಯ ಪಕ್ಕದಲ್ಲೇ Terms of Use ಅಂತ ಇರುತ್ತದೆ. ಮರುಬಳಕೆಯ ಹಕ್ಕು ಬರೆದುಕೊಳ್ಳುವುದು ಹೆಚ್ಚಾಗಿ ಅಲ್ಲಿ. 2019ರ ಜುಲೈಯಲ್ಲಿ ‘ಫೇಸ್‌ಆ್ಯಪ್’ ಬಂದು ನಮ್ಮ ಗ್ರೂಪುಗಳಲ್ಲೆಲ್ಲ ಹುಡುಗರು ಒಂದೇ ದಿನದಲ್ಲಿ ಮುದುಕರಾದದ್ದು ನೆನಪಿರಬಹುದು. ಗಲಾಟೆ ಆದಾಗ ಕಂಪನಿ, ಹೆಚ್ಚಿನ ಫೋಟೋಗಳನ್ನು 48 ಗಂಟೆಯೊಳಗೆ ಸರ್ವರಿನಿಂದ ಅಳಿಸುತ್ತೇವೆ ಅಂದಿತು. ಆಗಿನ ಷರತ್ತುಗಳಲ್ಲಿ ಮಾತ್ರ, ಹಾಕಿದ ಫೋಟೋವನ್ನು ಬಳಸಲು, ಬದಲಾಯಿಸಲು, ಪ್ರಕಟಿಸಲು ಶಾಶ್ವತವಾದ, ವಾಪಸ್ ಪಡೆಯಲಾಗದ ಪರವಾನಗಿ ಬರೆದಿತ್ತು. ಬಾಯಿ ಒಂದು ಹೇಳುತ್ತದೆ, ಕಾಗದ ಇನ್ನೊಂದು ಹೇಳುತ್ತದೆ; ಜಗಳವಾದರೆ ನಿಲ್ಲುವುದು ಕಾಗದ. ಅದಕ್ಕೇ ಷರತ್ತುಗಳಲ್ಲಿ license ಹುಡುಕಿ, ಅದರ ಹತ್ತಿರ perpetual, irrevocable, sublicensable ಇವೆಯಾ ನೋಡಿ. ಕೊನೆಯದರ ಅರ್ಥ, ನೀವು ಅವರಿಗೆ ಕೊಟ್ಟ ಹಕ್ಕನ್ನು ಅವರು ಮೂರನೆಯವರಿಗೂ ಕೊಡಬಹುದು. ಫೋಟೋ ತೋರಿಸಲು ಯಾವ ಸೈಟಿಗಾದರೂ ಒಂದಿಷ್ಟು ಪರವಾನಗಿ ಬೇಕು, ಅದು ನ್ಯಾಯ. ಸೇವೆ ನಡೆಸುವಷ್ಟಕ್ಕೆ, ನೀವು ಅಳಿಸುವ ತನಕ ಮಾತ್ರ ಎನ್ನುವ ಮಿತಿ ಇದ್ದರೆ ನನ್ನ ತಕರಾರಿಲ್ಲ.

ಅದೇ ಷರತ್ತುಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಸಾಲಿರುತ್ತದೆ: ಫೋಟೋದಲ್ಲಿರುವ ಎಲ್ಲರ ಒಪ್ಪಿಗೆ ನಿಮ್ಮ ಬಳಿ ಇದೆ ಅಂತ ನೀವು ಖಾತ್ರಿ ಕೊಡುತ್ತೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಇದು. ನಿಖಾಹ್‌ನ ಒಂದು ಗ್ರೂಪ್ ಫೋಟೋದಲ್ಲಿ ನಲವತ್ತು ಮುಖಗಳಿರುತ್ತವೆ. ಎಂದೂ ಹೊರಗೆ ಫೋಟೋ ಕೊಡದ ಉಮ್ಮ ಇರುತ್ತಾರೆ, ಮಾತು ಬಾರದ ಮಗು ಇರುತ್ತದೆ, ಬೇರೆ ಮನೆಗೆ ಸೊಸೆಯಾಗಿ ಹೋದವಳು ಇರುತ್ತಾಳೆ. Agree ಒತ್ತಿದ್ದು ಒಬ್ಬ ಹುಡುಗ. ‘ನನ್ನ ಫೋಟೋ, ಮುಚ್ಚಿಡಲು ನನಗೇನಿದೆ?’ ಎನ್ನುವವರಿಗೆ ನನ್ನ ಉತ್ತರವೂ ಇದೇ: ನಿಮ್ಮ ಮುಖದ ಬಗ್ಗೆ ನೀವು ತೀರ್ಮಾನ ಮಾಡಿ, ಉಳಿದ ಮೂವತ್ತೊಂಬತ್ತರ ಬಗ್ಗೆ ನಿಮ್ಮನ್ನು ಕೇಳಿದವರು ಯಾರು?

ಇನ್ನು ‘ಪ್ಲೇ ಸ್ಟೋರಿನಲ್ಲೇ ಸೇಫ್ ಅಂತ ಇದೆ’ ಎನ್ನುವವರು. ಅಲ್ಲಿನ Data safety ಭಾಗವನ್ನು ತುಂಬುವುದು ಆ್ಯಪ್ ಮಾಡಿದವರೇ. ತಮ್ಮ ಪರವಾಗಿ ಕೆಲಸ ಮಾಡುವ ಸರ್ವರ್ ಕಂಪನಿಗೆ ಫೋಟೋ ಕಳಿಸಿದರೆ ಅದನ್ನು ‘ಹಂಚಿಕೆ’ ಅಂತ ಅಲ್ಲಿ ತೋರಿಸಬೇಕಾಗಿಯೂ ಇಲ್ಲ. ಅದನ್ನು ಪೊಟ್ಟಣದ ಮೇಲಿನ ಜಾಹೀರಾತಿನಂತೆ ಓದಿ.

ಪಾಲಿಸಿಯ ತಳಕ್ಕೂ ಒಮ್ಮೆ ಹೋಗಿ ಬನ್ನಿ. ಕ್ಯಾಲಿಫೋರ್ನಿಯಾದವರಿಗೆ, ಯುರೋಪಿನವರಿಗೆ ಅಂತ ಬೇರೆ ಬೇರೆ ಹಕ್ಕುಗಳನ್ನು ಅಲ್ಲಿ ಬರೆದಿರುತ್ತಾರೆ. ಎವರ್ ಆ್ಯಪ್ 2018ರಲ್ಲಿ ಮುಖ ಗುರುತಿಸುವಿಕೆಗೆ ಒಪ್ಪಿಗೆ ಕೇಳಿದ್ದು ಅಮೆರಿಕದ ಮೂರು ರಾಜ್ಯದವರನ್ನು ಮತ್ತು ಯುರೋಪಿನವರನ್ನು ಮಾತ್ರ. ಉಳಿದವರಿಗೆ ಅದು ತಾನಾಗಿ ಚಾಲೂ ಇತ್ತು, 2019ರ ಏಪ್ರಿಲ್‌ವರೆಗೆ ಬಂದ್ ಮಾಡಲು ದಾರಿಯೇ ಇರಲಿಲ್ಲ. ನಾವು ಮಂಜೇಶ್ವರದಲ್ಲಿದ್ದರೂ ದುಬೈಯಲ್ಲಿದ್ದರೂ ಆ ‘ಉಳಿದವರು’. ಅಳಿಸಿ ಅಂತ ಕೇಳುವ ಹಕ್ಕು ಎಲ್ಲರಿಗೂ ಇದೆ ಅಂತ ಬರೆದಿದ್ದಾರಾ, ಕೇಳಲು ಇಮೇಲ್ ವಿಳಾಸ ಕೊಟ್ಟಿದ್ದಾರಾ ನೋಡಿ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಆಗಿದೆ. ಆದರೆ ನೀವಾಗಿಯೇ ಎಲ್ಲರಿಗೂ ಕಾಣುವಂತೆ ಹಾಕಿದ ನಿಮ್ಮ ಮಾಹಿತಿಗೆ ಅದು ಅನ್ವಯಿಸುವುದಿಲ್ಲ.

ಇಷ್ಟಕ್ಕೂ ಉತ್ತರ ಸಿಗದಿದ್ದರೆ ಒಂದು ಸಣ್ಣ ಪರೀಕ್ಷೆ ಇದೆ. ಮನೆಯವರು ಯಾರೂ ಇಲ್ಲದ, ತೆಂಗಿನ ಮರದ್ದೋ ಬೆಕ್ಕಿನದ್ದೋ ಒಂದು ಫೋಟೋ ಆರಿಸಿ, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಬಂದ್ ಮಾಡಿ ಆ್ಯಪ್‌ನಲ್ಲಿ ಹಿನ್ನೆಲೆ ಅಳಿಸಿ ನೋಡಿ. ಕೆಲಸ ಆದರೆ ಅದು ಫೋನಿನೊಳಗೇ ನಡೆಯುತ್ತಿದೆ. ನೆಟ್ ಬಂದ ಮೇಲೆ ಕಳಿಸುವುದಿಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ನೆಟ್ ಇಲ್ಲದೆ ಆಗುವುದೇ ಇಲ್ಲ ಅಂದರೆ ಫೋಟೋ ಬೇರೆಯವರ ಸರ್ವರಿಗೆ ಹೋಗುತ್ತಿರಬೇಕು. ಅಲ್ಲಿ ಎಷ್ಟು ದಿನ ಇರುತ್ತದೆ ಅಂತ ಬರೆದು ಕೊಡದವರಿಗೆ ನಿಖಾಹ್‌ನ ಫೋಟೋ ಹಾಕಬೇಡಿ. ಹಿಂದಿನ ಶಾಮಿಯಾನ ಹಾಗೇ ಇರಲಿ, ಬಾಡಿಗೆ ಕೊಟ್ಟೇ ಹಾಕಿಸಿದ್ದಲ್ಲವಾ?