ಟಿಲ್ಲರ್ ಬಾಡಿಗೆ: ಸರಾಸರಿ ಲೆಕ್ಕ ನಂಬಬೇಡಿ

ಟಿಲ್ಲರ್ ಇಟ್ಟುಕೊಂಡವರನ್ನು 'ಗಂಟೆಗೆ ಎಷ್ಟು ಖರ್ಚು ಬೀಳ್ತದೆ?' ಎಂದು ಕೇಳಿ ನೋಡಿ. ಲೆಕ್ಕ ಬರೆದಿಡುವವರೂ ಒಟ್ಟು ಖರ್ಚನ್ನು ಒಟ್ಟು ಗಂಟೆಯಿಂದ ಭಾಗಿಸಿ ಒಂದು ಅಂಕಿ ಹೇಳುತ್ತಾರೆ. ನನ್ನ ಪ್ರಕಾರ ಈ ಸರಾಸರಿಯನ್ನು ನಂಬಿ ಬಾಡಿಗೆ ದರ ನಿಶ್ಚಯಿಸುವುದು ಸರಿಯಲ್ಲ. ಖರ್ಚಿನಲ್ಲಿ ಎರಡು ಜಾತಿ ಬೆರೆತಿದೆ. ಟಿಲ್ಲರ್ ಶೆಡ್ಡಿನಲ್ಲಿ ನಿಂತಿದ್ದರೂ ಬರುವ ಖರ್ಚು ಒಂದು. ಚಾಲಕನಿಗೆ ತಿಂಗಳಿಗಿಷ್ಟು ಎಂದು ಗೊತ್ತು ಮಾಡಿದ ಸಂಬಳ, ವಿಮೆ ಈ ಪೈಕಿ. ಓಡಿದಷ್ಟೂ ಏರುವುದು ಇನ್ನೊಂದು. ಡೀಸೆಲ್, ಆಯಿಲ್, ಚಾಲಕನಿಗೆ ಗಂಟೆ ಲೆಕ್ಕದಲ್ಲಿ ಕೊಡುವ ಭತ್ಯೆ ಇತ್ಯಾದಿ. ನಮ್ಮ ಪುಸ್ತಕದಲ್ಲಿ ಎಲ್ಲವೂ 'ಟಿಲ್ಲರ್ ಖರ್ಚು' ಎಂಬ ಒಂದೇ ಸಾಲಿನಲ್ಲಿ ಕೂತಿರುತ್ತದೆ.

ಇದನ್ನು ಬಿಡಿಸಲು ಲೆಕ್ಕಪತ್ರದವರು 'ಹೈ-ಲೋ' ಎಂಬ ಸುಲಭ ದಾರಿ ಬಳಸುತ್ತಾರೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆರು ತಿಂಗಳ ಲೆಕ್ಕ ಹೀಗಿದೆ:

ಜೂನ್ – 60 ಗಂಟೆ – 19,450 ರೂ.
ಜುಲೈ – 90 ಗಂಟೆ – 25,800 ರೂ.
ಆಗಸ್ಟ್ – 45 ಗಂಟೆ – 16,300 ರೂ.
ಸೆಪ್ಟೆಂಬರ್ – 20 ಗಂಟೆ – 10,400 ರೂ.
ಅಕ್ಟೋಬರ್ – 15 ಗಂಟೆ – 21,800 ರೂ.
ನವೆಂಬರ್ – 70 ಗಂಟೆ – 21,150 ರೂ.

ಅತಿ ಹೆಚ್ಚು ಓಡಿದ ಮತ್ತು ಅತಿ ಕಡಿಮೆ ಓಡಿದ ತಿಂಗಳನ್ನು ಆರಿಸಬೇಕು. ನೋಡಬೇಕಾದ್ದು ಗಂಟೆಯನ್ನು, ಖರ್ಚನ್ನಲ್ಲ. ಇಲ್ಲಿ ಜುಲೈ ಮತ್ತು ಅಕ್ಟೋಬರ್. ಗಂಟೆಯ ವ್ಯತ್ಯಾಸ 75, ಖರ್ಚಿನ ವ್ಯತ್ಯಾಸ 4,000. ಭಾಗಿಸಿದರೆ ಗಂಟೆಗೆ 53 ರೂಪಾಯಿ. ಇಲ್ಲೇ ಸಂಶಯ ಬರಬೇಕು. ಒಂದು ಗಂಟೆಯ ಡೀಸೆಲಿಗೇ ಅದು ಸಾಲದಲ್ಲ! ಪುಸ್ತಕ ತಿರುವಿದರೆ ಕಾರಣ ಸಿಗುತ್ತದೆ: ಅಕ್ಟೋಬರಿನಲ್ಲಿ ಗೇರ್ ಬಾಕ್ಸ್ ಬಿಚ್ಚಿ 12,500 ರೂ. ರಿಪೇರಿ ಆಗಿದೆ. ಇಂಥ ಅಪರೂಪದ ತಿಂಗಳನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಅದನ್ನು ಬಿಟ್ಟರೆ ಕಡಿಮೆ ಓಡಿದ ತಿಂಗಳು ಸೆಪ್ಟೆಂಬರ್.

ಈಗ ಗಂಟೆಯ ವ್ಯತ್ಯಾಸ 70, ಖರ್ಚಿನ ವ್ಯತ್ಯಾಸ 15,400. ಭಾಗಿಸಿದರೆ ಗಂಟೆಗೆ 220 ರೂ. ಇದು ಓಡಿದರೆ ಮಾತ್ರ ಬರುವ ಖರ್ಚು. ಜುಲೈಯ 90 ಗಂಟೆಗೆ ಇದು 19,800 ಆಯಿತು. 25,800ರಲ್ಲಿ ಅಷ್ಟನ್ನು ಕಳೆದರೆ 6,000 ಉಳಿಯಿತು. ಇದು ಟಿಲ್ಲರ್ ನಿಂತರೂ ತಿಂಗಳು ತಿಂಗಳೂ ಬರುವ ಖರ್ಚು.

ಸರಿ ಬಂತೋ ಎಂದು ಉಳಿದ ತಿಂಗಳುಗಳ ಮೇಲೆ ಪರೀಕ್ಷೆ ಮಾಡಬೇಕು. ಆಗಸ್ಟಿನ 45 ಗಂಟೆಗೆ 9,900, ಅದಕ್ಕೆ 6,000 ಸೇರಿಸಿದರೆ 15,900. ನಿಜವಾಗಿ ಆದದ್ದು 16,300. ಜೂನ್, ನವೆಂಬರಿನಲ್ಲಿ ವ್ಯತ್ಯಾಸ 250 ರೂಪಾಯಿ ಮಾತ್ರ. ಇಷ್ಟಾದರೆ ಸಾಕು. ಸಾವಿರಗಟ್ಟಲೆ ತಪ್ಪಿದರೆ ಆರಿಸಿದ ತಿಂಗಳಲ್ಲೇ ಏನೋ ಎಡವಟ್ಟಿದೆ ಎಂದರ್ಥ.

ಈಗ ಸರಾಸರಿ ನೋಡಿ. ಆರು ತಿಂಗಳ 1,14,900 ರೂಪಾಯಿಯನ್ನು 300 ಗಂಟೆಗೆ ಹಂಚಿದರೆ ಗಂಟೆಗೆ 383. ನೆರೆಯವರು 350ಕ್ಕೆ ಕರೆದರೆ 'ಅಸಲೇ ಹುಟ್ಟುವುದಿಲ್ಲ' ಎಂದು ಬಿಟ್ಟುಬಿಡುವುದು ಸಹಜ. ಆದರೆ ಹೋದರೆ ಹೆಚ್ಚುವ ಖರ್ಚು 220 ಮಾತ್ರ. ಗೇರ್ ಬಾಕ್ಸ್ ರಿಪೇರಿಯನ್ನು ಈ 300 ಗಂಟೆಯ ತಲೆಗೇ ಕಟ್ಟಿದರೂ 42 ಸೇರಿ 262 ಆಗುತ್ತದೆ. ಉಳಿದ 88 ರೂಪಾಯಿ ಆ 6,000ದ ಹೊರೆಯನ್ನು ಇಳಿಸುತ್ತದೆ. ಹೋಗದೆ ಕೂತರೆ 6,000 ಹೇಗೂ ತಪ್ಪಿದ್ದಲ್ಲ. ಅದೇ 200ಕ್ಕೆ ಕರೆದರೆ ಎಷ್ಟು ಗಂಟೆ ಓಡಿಸಿದರೂ ಕೈಯಿಂದಲೇ ಹೋಗುತ್ತದೆ. ಈ ಭೇದವನ್ನು ಸರಾಸರಿ ತೋರಿಸುವುದೇ ಇಲ್ಲ.

ಈ ವಿಧಾನಕ್ಕೂ ಮಿತಿ ಉಂಟು. ಆರು ತಿಂಗಳಲ್ಲಿ ಎರಡನ್ನೇ ನಂಬುವ ಲೆಕ್ಕ ಇದು. ಜುಲೈಯಲ್ಲಿ ತಂದ ಡೀಸೆಲ್ ಆಗಸ್ಟಿಗೂ ಉಳಿದಿದ್ದರೆ ಖರ್ಚಾದ ತಿಂಗಳಿಗೇ ಬರೆಯಬೇಕು, ಇಲ್ಲದಿದ್ದರೆ ಎರಡೂ ತಿಂಗಳು ಕೆಡುತ್ತವೆ. ನಡುವೆ ಡೀಸೆಲ್ ಬೆಲೆಯೋ ಚಾಲಕನ ಸಂಬಳವೋ ಬದಲಾದರೆ ಹಿಂದಿನದನ್ನು ಮುಂದಿನದಕ್ಕೆ ಬೆರೆಸಬಾರದು. 20ರಿಂದ 90 ಗಂಟೆಯ ಲೆಕ್ಕದಿಂದ 150 ಗಂಟೆಯ ಖರ್ಚು ಹೇಳಲೂ ಬಾರದು. ಅಷ್ಟು ಓಡಿಸಲು ಇನ್ನೊಬ್ಬ ಚಾಲಕನೇ ಬೇಕಾದೀತು. ಟಿಲ್ಲರಿಗೆ ಹಾಕಿದ ಬಂಡವಾಳ, ಅದರ ಸವಕಳಿ ಇದರಲ್ಲಿ ಸೇರಿಲ್ಲ. ಅದನ್ನು ಬೇರೆಯೇ ನೋಡಬೇಕು.

ಇದಕ್ಕೆ ಬೇಕಾದ್ದು ತಿಂಗಳಿಗೆ ಎರಡೇ ಅಂಕಿ: ಓಡಿದ ಗಂಟೆ, ಆದ ಖರ್ಚು. ಖರ್ಚನ್ನು ಬಹಳ ಜನ ಬರೆಯುತ್ತಾರೆ, ಗಂಟೆಯನ್ನು ಬರೆಯುವವರು ಕಡಿಮೆ. ಗಂಟೆ ಬರೆಯದ ಪುಸ್ತಕದಿಂದ ಬಾಡಿಗೆ ದರ ಹುಟ್ಟುವುದಿಲ್ಲ.